ಬಿಳಿ ಸೆರಗು, ತುರಿಕೆ, ಕಿಬ್ಬೊಟ್ಟೆ ನೋವು: ಯಾವಾಗ ಆಸ್ಪತ್ರೆಗೆ ಹೋಗಬೇಕು?

(ರಜೆಗೆ ಊರಿಗೆ ಹೋಗುವ ನಮ್ಮ ಸದಸ್ಯೆಯರು ಅಲ್ಲಿನ ಮಹಿಳಾ ಮಂಡಲ, ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಓದಿ ಹೇಳಲಿ ಎಂದು ಸಿದ್ಧಪಡಿಸಿದ ಮಾತು. ದಹಿಸರ್‌ನಲ್ಲಿ ಇರುವವರು ಎಲ್ಲಿಗೆ ಹೋಗಬಹುದು ಎಂಬುದನ್ನೂ ಕೊನೆಗೆ ಸೇರಿಸಿದೆ.)

ಇವತ್ತಿನ ವಿಷಯ ನಾವು ಹೆಂಗಸರು ಹೆಂಗಸರ ನಡುವೆಯೂ ದನಿ ತಗ್ಗಿಸಿ ಮಾತಾಡುವಂಥದ್ದು. ಬಿಳಿ ಸೆರಗು, ಆ ಜಾಗದಲ್ಲಿ ತುರಿಕೆ, ಕಿಬ್ಬೊಟ್ಟೆ ನೋವು. ಈ ಮೂರರಲ್ಲಿ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಈ ವಾರದಲ್ಲೇ ಡಾಕ್ಟರರನ್ನು ಕಾಣಬೇಕು, ಯಾವುದಕ್ಕೆ ಇವತ್ತೇ ಹೊರಡಬೇಕು ಎಂಬುದಷ್ಟೇ ನಮ್ಮ ಮಾತು.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿದರು. ಅದರ ವರದಿ 1989ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೂರರಲ್ಲಿ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರರಲ್ಲಿ 8 ಮಂದಿ ಮಾತ್ರ. ತೊಂದರೆ ಇದೆ ಎಂದು ತಾವಾಗಿ ಹೇಳಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದವರು ಅದು ಹೆಣ್ಣಿನ ಹಣೆಬರಹ ಎಂದುಕೊಂಡು ಸುಮ್ಮನಿದ್ದರೋ, ಅಥವಾ ಅವರಿಗೆ ಗೊತ್ತೇ ಆಗಿರಲಿಲ್ಲವೋ. ರೋಗ ಅಪರೂಪದ್ದಲ್ಲ, ಪರೀಕ್ಷೆಯೇ ಅಪರೂಪವಾಗಿತ್ತು.

ಎಲ್ಲ ಬಿಳುಪೂ ರೋಗವಲ್ಲ

ಯೋನಿ ಒಣಗಿರುವ ಜಾಗವಲ್ಲ. ಬಾಯಲ್ಲಿ ಎಂಜಲು ಇರುವ ಹಾಗೆ ಅಲ್ಲಿಯೂ ತೇವ ಇರುತ್ತದೆ. ಅಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಬದುಕುತ್ತವೆ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರು ಮಾಡುವ ಜೀವಿಗಳ ಬಳಗದವೇ ಅವು. ಅವು ಆ ಜಾಗವನ್ನು ಸ್ವಲ್ಪ ಹುಳಿಯಾಗಿ ಇಡುತ್ತವೆ. ಆ ಹುಳಿಯಲ್ಲಿ ಕೆಟ್ಟ ಜೀವಿಗಳು ಬೆಳೆಯುವುದು ಕಷ್ಟ. ಆದ್ದರಿಂದ ಸಹಜವಾದ ಬಿಳುಪಿಗೆ ಸ್ವಲ್ಪ ಹುಳಿ ವಾಸನೆ ಇದ್ದರೂ ಇರಬಹುದು, ಆದರೆ ನಾತ ಇರುವುದಿಲ್ಲ.

ಸಹಜ ಬಿಳುಪು ತಿಳಿಯಾಗಿರುತ್ತದೆ ಅಥವಾ ಹಾಲಿನ ಬಣ್ಣ ಇರುತ್ತದೆ. ಬಟ್ಟೆಯ ಮೇಲೆ ಒಣಗಿದಾಗ ಸ್ವಲ್ಪ ಹಳದಿ ಕಾಣುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ತಿಂಗಳ ನಡುವೆ, ಮುಟ್ಟು ಬರುವುದಕ್ಕೆ ಸುಮಾರು ಹದಿನಾಲ್ಕು ದಿನ ಮೊದಲು, ಮೊಟ್ಟೆಯ ಬಿಳಿಭಾಗದ ಹಾಗೆ ಲೋಳೆಯಾಗಿ ಎಳೆದರೆ ನೂಲಿನಂತೆ ಬರುತ್ತದೆ. ಅದು ಅಂಡಾಣು ಬಿಡುಗಡೆಯಾಗುವ ಹೊತ್ತು. ಬಸುರಿಯರಿಗೆ ಬಿಳುಪು ಹೆಚ್ಚು. ಮುಟ್ಟಿಗೆ ಎರಡು-ಮೂರು ದಿನ ಮೊದಲೂ ಹೆಚ್ಚು. ತುರಿಕೆ ಇಲ್ಲ, ಉರಿ ಇಲ್ಲ, ನಾತ ಇಲ್ಲ, ರಕ್ತ ಇಲ್ಲ, ನೋವು ಇಲ್ಲ ಎಂದಾದರೆ ಅದಕ್ಕೆ ಔಷಧಿ ಬೇಡ.

ನಮ್ಮಲ್ಲಿ ಒಂದು ಹಳೆಯ ನಂಬಿಕೆ ಇದೆ, ಮೂಳೆಯ ಸತ್ವ ಕರಗಿ ಬಿಳುಪಾಗಿ ಹೋಗುತ್ತದೆ, ಅದರಿಂದ ಸೊಂಟನೋವು, ನಿಶ್ಶಕ್ತಿ ಬರುತ್ತದೆ ಎಂದು. ಇದು ನಿಜವಲ್ಲ. ಮೂಳೆಗೂ ಬಿಳುಪಿಗೂ ಸಂಬಂಧವಿಲ್ಲ. ನಿಶ್ಶಕ್ತಿ ಇದ್ದರೆ ಬಹಳ ಸಲ ಕಾರಣ ರಕ್ತಹೀನತೆ. ಒಂದು ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಸೊಂಟನೋವು ಬಾವಿಯಿಂದ ನೀರು ಸೇದಿ, ನಾಟಿ ಮಾಡಿ, ಹೊರೆ ಹೊತ್ತು ಬಂದದ್ದೂ ಇರಬಹುದು. ಇನ್ನು ಉಷ್ಣ ಎಂದು ಜೀರಿಗೆ ನೀರು, ಬೂದುಗುಂಬಳದ ರಸ ಕುಡಿಯುವುದು. ಕುಡಿಯಿರಿ, ಕೆಟ್ಟದ್ದೇನಿಲ್ಲ. ಆದರೆ ನಾತ, ತುರಿಕೆ, ನೋವು ಇದ್ದಾಗ ಅದನ್ನೇ ಮದ್ದು ಎಂದು ತಿಂಗಳುಗಟ್ಟಲೆ ಕಾಯಬೇಡಿ.

ತುರಿಕೆ: ಗಲಾಟೆ ಹೆಚ್ಚು, ಅಪಾಯ ಕಡಿಮೆ

ತುರಿಕೆ ಮನುಷ್ಯರನ್ನು ಕೂರಲು ಬಿಡುವುದಿಲ್ಲ, ಮಲಗಲು ಬಿಡುವುದಿಲ್ಲ. ಆದರೂ ತುರಿಕೆಯೊಂದೇ ಇದ್ದು ನೋವು, ಜ್ವರ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಹೊರಬಾಗಿಲಿನ ರೋಗ. ಒಳಗೆ ಗರ್ಭಕೋಶಕ್ಕೆ ಹೋಗಿರುವುದಿಲ್ಲ.

ಒಡೆದ ಮೊಸರಿನ ಹಾಗೆ ಗಟ್ಟಿ ಗಟ್ಟಿ ಬಿಳುಪು, ಜೋರು ತುರಿಕೆ, ಕೆಂಪಗೆ ಊತ, ಮೂತ್ರ ತಾಗಿದರೆ ಉರಿ, ಆದರೆ ನಾತ ಇಲ್ಲ. ಇದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ಬರುತ್ತದಲ್ಲ ಬೂಷ್ಟು, ಅದರ ಜಾತಿಯದ್ದು ಎನ್ನಿ. ಜ್ವರಕ್ಕೋ ಗಂಟಲುನೋವಿಗೋ ಆಂಟಿಬಯಾಟಿಕ್ ತಿಂದ ಮೇಲೆ ಇದು ಬರುತ್ತದೆ, ಏಕೆಂದರೆ ಆ ಮಾತ್ರೆ ಯೋನಿಯೊಳಗಿನ ಒಳ್ಳೆಯ ಜೀವಿಗಳನ್ನೂ ಕೊಂದಿರುತ್ತದೆ. ಬಸುರಿಯಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮತ್ತೆ ಮತ್ತೆ ಬರುತ್ತದೆ. ವರ್ಷದಲ್ಲಿ ಮೂರು-ನಾಲ್ಕು ಸಲ ಇಂಥ ತುರಿಕೆ ಬಂದರೆ ರಕ್ತದ ಸಕ್ಕರೆ ನೋಡಿಸಲೇಬೇಕು. ಎಷ್ಟೋ ಹೆಂಗಸರಿಗೆ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಈ ತುರಿಕೆಯೇ.

ಇದಕ್ಕೆ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಗುಳಿಗೆ ಇದೆ, ನುಂಗುವ ಫ್ಲುಕೊನಜೋಲ್ ಮಾತ್ರೆಯೂ ಇದೆ. ಬಸುರಿಯರು ನುಂಗುವ ಮಾತ್ರೆ ತೆಗೆದುಕೊಳ್ಳಬಾರದು. ಆದ್ದರಿಂದಲೇ, ಮುಟ್ಟು ತಪ್ಪಿದೆಯೇ ಎಂಬುದನ್ನು ಡಾಕ್ಟರಿಗೆ ಮೊದಲು ಹೇಳಿ.

ಇಲ್ಲಿ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಮುಲಾಮು ಕೊಡಿ ಎಂದು ಕೇಳಿದರೆ ಬಹಳ ಸಲ ಮೂರು-ನಾಲ್ಕು ಔಷಧಿ ಒಟ್ಟಿಗೆ ಸೇರಿಸಿದ ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ದಿನವೇ ತುರಿಕೆ ನಿಲ್ಲುತ್ತದೆ, ಒಳ್ಳೆಯ ಮದ್ದು ಎಂದು ಅನಿಸುತ್ತದೆ. ಆದರೆ ಸ್ಟೀರಾಯ್ಡ್ ತುರಿಕೆಯನ್ನು ಮರೆಸಿ ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿರಿಯುತ್ತದೆ. ಮುಂಬಯಿಯಿಂದ ಅಕ್ಕ ಕಳಿಸಿದ ಟ್ಯೂಬ್ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಹೀಗೆ ಹೋಗುತ್ತದೆ. ಅದನ್ನು ನಿಲ್ಲಿಸೋಣ.

ಇನ್ನೊಂದು ಬಗೆ. ತೆಳ್ಳಗೆ ಬೂದುಬಣ್ಣದ ಬಿಳುಪು, ಮೀನಿನ ನಾತ, ಅದೂ ಗಂಡ-ಹೆಂಡತಿ ಸೇರಿದ ಮೇಲೆ ಹೆಚ್ಚು, ತುರಿಕೆ ಕಡಿಮೆ ಅಥವಾ ಇಲ್ಲ. ಒಳ್ಳೆಯ ಜೀವಿಗಳು ಕಡಿಮೆಯಾಗಿ ಬೇರೆಯವು ಹೆಚ್ಚಿದಾಗ ಹೀಗಾಗುತ್ತದೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವವರಿಗೆ ಇದು ಹೆಚ್ಚು. ನಾತ ಬಂದಷ್ಟೂ ತೊಳೆಯುತ್ತಾರೆ, ತೊಳೆದಷ್ಟೂ ನಾತ ಹೆಚ್ಚುತ್ತದೆ. ಹೊರಗೆ ಮಾತ್ರ ಬರಿ ನೀರಿನಲ್ಲಿ ತೊಳೆದರೆ ಸಾಕು, ಒಳಗೆ ಬೆರಳು ಹಾಕಿ ತೊಳೆಯುವುದು ಬೇಡ.

ಮೂರನೆಯದು ಹಳದಿ ಅಥವಾ ಹಸಿರು ಮಿಶ್ರಿತ, ನೊರೆ ನೊರೆ ಬಿಳುಪು, ನಾತ, ತುರಿಕೆ, ಉರಿ ಎಲ್ಲ ಒಟ್ಟಿಗೆ. ಇದು ಗಂಡ-ಹೆಂಡತಿ ಸಂಪರ್ಕದಿಂದ ಹರಡುವ ಸೋಂಕು ಆಗಿರಬಹುದು. ಗಂಡಸಿಗೆ ಬಹಳ ಸಲ ಯಾವ ತೊಂದರೆಯೂ ಕಾಣಿಸುವುದಿಲ್ಲ, ಆದರೆ ಅವರ ಮೈಯಲ್ಲಿ ಇರುತ್ತದೆ. ಹೆಂಡತಿ ಮಾತ್ರ ಮಾತ್ರೆ ತಿಂದರೆ ಗುಣವಾಗಿ ಮತ್ತೆ ಬರುತ್ತದೆ. ಇಬ್ಬರೂ ತಿನ್ನಬೇಕು.

ಈ ಮೂರಕ್ಕೂ ಓಡಬೇಕಾಗಿಲ್ಲ, ಆದರೆ ಈ ವಾರದಲ್ಲಿ ಹೋಗಬೇಕು. ಬಣ್ಣ ನೋಡಿ ಇಂಥದ್ದೇ ಎಂದು ಮನೆಯಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಎರಡು ಒಟ್ಟಿಗೆ ಇರುವುದೂ ಉಂಟು.

ಕಿಬ್ಬೊಟ್ಟೆ ನೋವು: ಮೆಲ್ಲಗೆ ಬರುತ್ತದೆ, ದೊಡ್ಡ ಹಾನಿ ಮಾಡುತ್ತದೆ

ಈಗ ಮುಖ್ಯವಾದ ಮಾತು. ಯೋನಿ ಹೊರಬಾಗಿಲು ಎಂದಾದರೆ ಗರ್ಭಕೋಶದ ಬಾಯಿ ಒಳಬಾಗಿಲು. ಅದರಾಚೆ ಗರ್ಭಕೋಶ, ಎರಡು ಕಡೆಗೂ ತೆಳ್ಳಗಿನ ನಾಳಗಳು, ಅದರ ತುದಿಯಲ್ಲಿ ಅಂಡಾಶಯಗಳು. ಸೋಂಕು ಒಳಬಾಗಿಲು ದಾಟಿ ಮೇಲಕ್ಕೆ ಹೋದರೆ ಆ ನಾಳಗಳ ಒಳಗೆ ಊತ ಬರುತ್ತದೆ. ಆ ನಾಳದ ದಾರಿ ಬಹಳ ಸಪೂರ. ಊತ ಇಳಿದ ಮೇಲೆ ಗಾಯದ ಕಲೆ ಉಳಿದು ದಾರಿ ಮುಚ್ಚಬಹುದು. ಆಮೇಲೆ ಮಕ್ಕಳಾಗುವುದಿಲ್ಲ, ಅಥವಾ ಗರ್ಭ ನಾಳದಲ್ಲೇ ನಿಂತು ಅಪಾಯ ತರುತ್ತದೆ, ಅಥವಾ ವರ್ಷಗಟ್ಟಲೆ ಕಿಬ್ಬೊಟ್ಟೆ ನೋವು ಉಳಿಯುತ್ತದೆ. ಚಿಕಿತ್ಸೆ ಬೇಗ ಸಿಕ್ಕಿದಷ್ಟೂ ಈ ಕಲೆ ಕಡಿಮೆ. ಆಗಿಹೋದ ಕಲೆಯನ್ನು ಯಾವ ಮಾತ್ರೆಯೂ ಅಳಿಸುವುದಿಲ್ಲ.

ಕಷ್ಟ ಏನೆಂದರೆ ಈ ನೋವು ಬಹಳ ಸಲ ಜೋರಾಗಿ ಇರುವುದಿಲ್ಲ. ಜ್ವರವೂ ಇಲ್ಲದಿರಬಹುದು. ಹೊಟ್ಟೆಯ ಕೆಳಗೆ ಎರಡೂ ಕಡೆ ಭಾರ ಭಾರ, ಕುಕ್ಕರುಗಾಲಲ್ಲಿ ಕೂತರೆ ನೋವು, ಬಸ್ಸಿನಲ್ಲಿ ಕುಲುಕಿದರೆ ನೋವು, ಗಂಡ-ಹೆಂಡತಿ ಸೇರುವಾಗ ಒಳಗೆ ಆಳದಲ್ಲಿ ನೋವು, ಸೇರಿದ ಮೇಲೆ ಅಥವಾ ಎರಡು ಮುಟ್ಟಿನ ನಡುವೆ ಒಂದೆರಡು ಹನಿ ರಕ್ತ. ಇಷ್ಟೇ.

ಒಬ್ಬ ಹೆಂಗಸಿನ ಉದಾಹರಣೆ ತೆಗೆದುಕೊಳ್ಳೋಣ. ಇದು ಒಬ್ಬರ ಕಥೆಯಲ್ಲ, ಹೀಗೆ ಬರುವ ಅನೇಕರನ್ನು ಸೇರಿಸಿ ಹೇಳುತ್ತಿರುವುದು. ವಯಸ್ಸು 32. ಇಬ್ಬರು ಮಕ್ಕಳು. ಗಂಡ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ, ಹಬ್ಬಕ್ಕೆ ಹದಿನೈದು ದಿನ ಬಂದು ಹೋದರು. ಅವರು ಹೋದ ವಾರದಲ್ಲಿ ಇವರಿಗೆ ಹಳದಿ ಬಿಳುಪು ಶುರುವಾಯಿತು. ಎರಡನೇ ವಾರ ಪೇಟೆಗೆ ಹೋದಾಗ ಮೆಡಿಕಲ್‌ನಲ್ಲಿ ಕೇಳಿದರು. ಒಂದು ಟ್ಯೂಬ್, ಒಂದೇ ಸಲ ತಿನ್ನುವ ಮಾತ್ರೆ ಸಿಕ್ಕಿತು. ಐದಾರು ದಿನ ಬಿಳುಪು ಕಡಿಮೆಯಾಯಿತು. ಗುಣವಾಯಿತು ಎಂದುಕೊಂಡರು.

ಐದನೇ ವಾರ ಕಿಬ್ಬೊಟ್ಟೆಯಲ್ಲಿ ಎರಡೂ ಕಡೆ ನೋವು. ಮುಟ್ಟು ಬಂದದ್ದು ಎರಡು ದಿನ ಹೆಚ್ಚು ಹೋಯಿತು. ಕೊಯ್ಲಿನ ಕೆಲಸ, ಬಗ್ಗಿ ಬಗ್ಗಿ ಹೀಗಾಗಿದೆ ಎಂದು ಸುಮ್ಮನಾದರು. ಆರನೇ ವಾರ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಾತಿಗೆ ಮಾತು ಬಂದು ಹೇಳಿದರು. ಮರುದಿನ ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು.

ಅಲ್ಲಿ ಏನಾಯಿತು? ಡಾಕ್ಟರು ಮೊದಲು ಕೊನೆಯ ಮುಟ್ಟಿನ ದಿನ ಕೇಳಿದರು, ಮೂತ್ರದಲ್ಲಿ ಬಸುರಿ ಪರೀಕ್ಷೆ ಮಾಡಿಸಿದರು. ನೋವು ಎಂದ ಕೂಡಲೇ ಈ ಪರೀಕ್ಷೆ ಮಾಡಲೇಬೇಕು, ಏಕೆ ಎಂದು ಮುಂದೆ ಹೇಳುತ್ತೇನೆ. ಆಮೇಲೆ ಮಲಗಿಸಿ, ಸ್ಪೆಕ್ಯುಲಮ್ ಎಂಬ ಸಾಧನದಿಂದ ಯೋನಿಯನ್ನು ಸ್ವಲ್ಪ ತೆರೆದು ಗರ್ಭಕೋಶದ ಬಾಯಿ ನೋಡಿದರು. ಅಲ್ಲಿಂದ ಕೀವಿನಂಥದ್ದು ಬರುತ್ತಿತ್ತು. ನಂತರ ಗ್ಲೌಸ್ ಹಾಕಿ ಎರಡು ಬೆರಳಿಂದ ಗರ್ಭಕೋಶದ ಬಾಯನ್ನು ಮೆಲ್ಲಗೆ ಅಲುಗಿಸಿದರು. ಇವರು ನೋವಿನಿಂದ ಮೇಲೆದ್ದರು. ಸೋಂಕು ಮೇಲಕ್ಕೆ ಹೋಗಿದೆ ಎಂಬುದಕ್ಕೆ ಆ ನೋವೇ ದೊಡ್ಡ ಗುರುತು. ಹೊರಗಿನಿಂದ ಹೊಟ್ಟೆ ಒತ್ತಿದರೆ ಅಥವಾ ಬರಿ ಬಾಯಿಮಾತಿನಲ್ಲಿ ಕೇಳಿದರೆ ಇದು ಸಿಗುವುದಿಲ್ಲ. ಇಡೀ ಪರೀಕ್ಷೆಗೆ ಐದು ನಿಮಿಷವೂ ಬೇಕಾಗಲಿಲ್ಲ.

ಟ್ಯೂಬ್ ಏಕೆ ಕೆಲಸ ಮಾಡಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಮುಲಾಮು ಇದ್ದದ್ದು ಹೊರಬಾಗಿಲಲ್ಲಿ, ರೋಗ ಇದ್ದದ್ದು ಒಳಮನೆಯಲ್ಲಿ.

ಅವರಿಗೆ ಕೊಟ್ಟ ಔಷಧಿ ಒಂದು ದಿನದ್ದಲ್ಲ. ಮೊದಲ ದಿನ ಒಮ್ಮೆ ತಿನ್ನುವ ಒಂದು ಆಂಟಿಬಯಾಟಿಕ್, ಜೊತೆಗೆ ಇನ್ನೆರಡು ಬಗೆಯ ಮಾತ್ರೆ ಬೆಳಿಗ್ಗೆ ಸಂಜೆ 14 ದಿನ. ಸರಕಾರಿ ಕಾರ್ಯಕ್ರಮದಲ್ಲಿ ಇದು ಹಳದಿ ಬಣ್ಣದ ಪೊಟ್ಟಣದಲ್ಲಿ ಉಚಿತವಾಗಿ ಬರುತ್ತದೆ. ಬರಿ ಬಿಳುಪಿಗೆ ಕೊಡುವ ಪೊಟ್ಟಣ ಹಸಿರು ಬಣ್ಣದ್ದು, ಅದು ಬೇರೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ಲೋಟ ತುಂಬ ನೀರಿನ ಜೊತೆ ನುಂಗಿ, ಕೂಡಲೇ ಮಲಗಬೇಡಿ ಎಂದು ನರ್ಸ್ ಹೇಳಿದರು, ಇಲ್ಲದಿದ್ದರೆ ಎದೆ ಉರಿಯುತ್ತದೆ. ಮೆಟ್ರೊನಿಡಜೋಲ್ ತಿಂದಾಗ ಬಾಯಿ ಕಹಿಯಾಗುತ್ತದೆ, ವಾಕರಿಕೆ ಬರುತ್ತದೆ, ಊಟದ ಮೇಲೆ ತಿನ್ನಿ ಎಂದರು. ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಆಯಿತು. ಇದು ಅನುಮಾನ ಪಟ್ಟು ಮಾಡುವುದಲ್ಲ, ಇಂಥ ಸೋಂಕು ಬಂದ ಎಲ್ಲರಿಗೂ ಮಾಡುತ್ತಾರೆ.

ಮೂರನೇ ದಿನ ಮತ್ತೆ ಬನ್ನಿ ಎಂದರು. ಇದು ಮುಖ್ಯ. ಮೂರು ದಿನದಲ್ಲಿ ನೋವು ಇಳಿಯಲು ಶುರುವಾಗಬೇಕು. ಇಳಿಯದಿದ್ದರೆ ಒಳಗೆ ಕೀವು ಕಟ್ಟಿರಬಹುದು, ಅಥವಾ ರೋಗವೇ ಬೇರೆ ಇರಬಹುದು. ಆಗ ಸ್ಕ್ಯಾನಿಂಗ್‌ಗೆ, ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇವರಿಗೆ ಐದನೇ ದಿನಕ್ಕೆ ನೋವು ಪೂರ್ತಿ ಹೋಯಿತು. ಬಹಳ ಮಂದಿ ತಪ್ಪುವುದು ಇಲ್ಲೇ. ನೋವು ಹೋಯಿತಲ್ಲ ಎಂದು ಉಳಿದ ಮಾತ್ರೆ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ನೋವು ಹೋದರೂ ಸೋಂಕು ಪೂರ್ತಿ ಹೋಗಿರುವುದಿಲ್ಲ. 14 ದಿನ ಎಂದರೆ 14 ದಿನ.

ಗಂಡನಿಗೂ ಚಿಕಿತ್ಸೆ ಬೇಕು. ಇದನ್ನು ಹೇಳುವುದು ಹೇಗೆ? ಜಗಳದ ಮಾತಾಗಿ ಹೇಳಿದರೆ ಅವರು ಆಸ್ಪತ್ರೆಗೆ ಹೋಗುವುದೂ ಇಲ್ಲ, ಮನೆಯಲ್ಲಿ ನೆಮ್ಮದಿಯೂ ಉಳಿಯುವುದಿಲ್ಲ. ಇಂಥ ಸೋಂಕು ಯಾವಾಗ ಬಂತು ಎಂದು ಯಾರಿಗೂ ಖಚಿತವಾಗಿ ಹೇಳಲು ಆಗುವುದಿಲ್ಲ, ಕೆಲವು ಸೋಂಕುಗಳು ತೊಂದರೆ ತೋರಿಸದೆ ತಿಂಗಳುಗಟ್ಟಲೆ ಇರುತ್ತವೆ. "ಡಾಕ್ಟರು ಇಬ್ಬರೂ ಮಾತ್ರೆ ತಿನ್ನಬೇಕು ಅಂದಿದ್ದಾರೆ, ಇಲ್ಲದಿದ್ದರೆ ನನಗೆ ಮತ್ತೆ ಬರುತ್ತದಂತೆ, ನೀವು ಅಲ್ಲೇ ತೋರಿಸಿ" ಎಂದರೆ ಸಾಕು. ಮುಂಬಯಿಯಲ್ಲೂ ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಉಚಿತ ಔಷಧಿ ಇದೆ. ಇಬ್ಬರ ಔಷಧಿಯೂ ಮುಗಿಯುವ ತನಕ ಸೇರಬಾರದು.

ಇವತ್ತೇ ಹೊರಡಬೇಕಾದವು

ಕೆಲವು ಗುರುತು ಕಂಡರೆ ನಾಳೆ ಎನ್ನಬಾರದು. ಇವನ್ನು ನೆನಪಿಡಿ.

ಮುಟ್ಟು ತಪ್ಪಿದೆ ಅಥವಾ ತಡವಾಗಿದೆ, ಹೊಟ್ಟೆಯ ಒಂದು ಕಡೆ ನೋವು, ಸ್ವಲ್ಪ ರಕ್ತ, ತಲೆ ಸುತ್ತು, ಕಣ್ಣು ಕತ್ತಲೆ, ಭುಜದ ತುದಿಯಲ್ಲಿ ನೋವು. ಇದು ಗರ್ಭ ನಾಳದಲ್ಲಿ ನಿಂತದ್ದು ಇರಬಹುದು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬುತ್ತದೆ, ಹೊರಗೆ ಕಾಣುವುದು ಎರಡು ಹನಿ ಮಾತ್ರ. "ನನಗೆ ಆಪರೇಷನ್ ಆಗಿದೆ, ಬಸುರಿ ಆಗಲು ಸಾಧ್ಯವೇ ಇಲ್ಲ" ಎಂದು ಹೇಳುವವರು ಇದ್ದಾರೆ. ಆಪರೇಷನ್ ಆದ ಮೇಲೆ ಗರ್ಭ ನಿಲ್ಲುವುದು ಅಪರೂಪ, ಆದರೆ ನಿಂತರೆ ಅದು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಅದಕ್ಕೇ ನೋವು ಇದ್ದವರಿಗೆಲ್ಲ ಬಸುರಿ ಪರೀಕ್ಷೆ ಮಾಡುವುದು. ಇಂಥ ಹೊತ್ತಿನಲ್ಲಿ 108ಕ್ಕೆ ಫೋನ್ ಮಾಡಿ, ಒಬ್ಬರೇ ಬಸ್ಸಿನಲ್ಲಿ ಹೋಗಬೇಡಿ.

ಕಿಬ್ಬೊಟ್ಟೆ ನೋವಿನ ಜೊತೆ ಚಳಿಜ್ವರ ಅಥವಾ ವಾಂತಿ. ಒಂದೇ ಸಲಕ್ಕೆ ತಡೆಯಲಾಗದ ನೋವು ಒಂದು ಕಡೆ ಬಂದರೆ ಅಂಡಾಶಯ ತಿರುಚಿಕೊಂಡದ್ದೂ ಇರಬಹುದು, ಅಪೆಂಡಿಕ್ಸ್ ಕೂಡ ಇರಬಹುದು.

ಹೆರಿಗೆ, ಗರ್ಭಪಾತ ಆಗಿ, ಅಥವಾ ಕಾಪರ್ ಟಿ ಹಾಕಿಸಿ ಕೆಲವು ವಾರಗಳಲ್ಲಿ ನಾತದ ಸ್ರಾವ, ನೋವು, ಜ್ವರ. ಬಾಣಂತಿಗೆ ಸ್ವಲ್ಪ ಜ್ವರ ಸಹಜ, ಹಾಲು ತುಂಬಿದ್ದಕ್ಕೆ ಎಂದು ಕಷಾಯ ಕೊಟ್ಟು ಕೂರಿಸಬೇಡಿ.

ಬಸುರಿಗೆ ನೀರಿನಂತೆ ಹರಿಯುವುದು, ರಕ್ತ, ಅಥವಾ ನಾತದ ಸ್ರಾವ.

ಚಿಕ್ಕ ಹೆಣ್ಣುಮಕ್ಕಳಿಗೆ ನಾತದ ಸ್ರಾವ ಅಥವಾ ರಕ್ತ ಕಂಡರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸಿ. ಮಗುವನ್ನು ಬೈಯಬೇಡಿ, ಹೆದರಿಸಬೇಡಿ.

ಮುಟ್ಟು ನಿಂತ ಅಮ್ಮಂದಿರಿಗೆ

ಹಿರಿಯರೊಡನೆ ಒಂದು ಮಾತು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಹನಿ ರಕ್ತ ಕಂಡರೂ ಅದು ಮತ್ತೆ ಮುಟ್ಟು ಬಂದದ್ದಲ್ಲ. ಮಾಂಸ ತೊಳೆದ ನೀರಿನ ಹಾಗೆ ನಾತದ ಸ್ರಾವ ಬಂದರೂ ಹಾಗೆಯೇ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಎಲ್ಲರಿಗೂ ಅದೇ ಇರುವುದಿಲ್ಲ, ವಯಸ್ಸಿನಿಂದ ಒಳಗೆ ಒಣಗಿ ಬಿರಿದು ರಕ್ತ ಬರುವುದೂ ಉಂಟು. ಆದರೆ ನೋಡದೆ ಹೇಳಲಾಗದು. ಹೊರಗೆ ತುರಿಕೆ ಇದ್ದು ಚರ್ಮ ಬೆಳ್ಳಗಾಗಿದ್ದರೆ ಅದನ್ನೂ ತೋರಿಸಿ, ಅದು ಶಿಲೀಂಧ್ರವಲ್ಲ, ಚರ್ಮದ ಬೇರೆ ರೋಗ.

ತೊಂದರೆ ಏನೂ ಇಲ್ಲದವರಿಗೂ 30ರಿಂದ 65 ವಯಸ್ಸಿನ ತನಕ ಐದು ವರ್ಷಕ್ಕೊಮ್ಮೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಬೇಕೆಂದು ಸರಕಾರದ ಕಾರ್ಯಕ್ರಮ ಇದೆ. ವಿನೆಗರ್‌ನಂಥ ತೆಳ್ಳಗಿನ ಆಮ್ಲವನ್ನು ಹತ್ತಿಯಿಂದ ಹಚ್ಚಿ ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಸೂಜಿ ಇಲ್ಲ, ಕತ್ತರಿಸುವುದಿಲ್ಲ.

ಬಿಳುಪಿಗೆ ಗರ್ಭಕೋಶ ತೆಗೆಸಬೇಡಿ

ಈ ಮಾತು ಹೇಳದೆ ಮುಗಿಸಲಾರೆ. ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರು, ಬಹಳ ಮಂದಿ ತಾಂಡಾದವರು, ಬಿಳುಪು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ ಗರ್ಭಕೋಶವನ್ನೇ ಕಳೆದುಕೊಂಡ ವಿಷಯ 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿ ತನಿಖೆ ನಡೆಯಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಬಗ್ಗೆಯೂ ಇದೇ ಸುದ್ದಿ ಬಂತು. ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರು.

ಸೋಂಕಿನ ಬಿಳುಪಿಗೆ ಮದ್ದು ಮಾತ್ರೆ, ಆಪರೇಷನ್ ಅಲ್ಲ. ಗರ್ಭಕೋಶ ತೆಗೆದ ಮೇಲೂ ಯೋನಿ ಇರುತ್ತದೆ, ಅಲ್ಲಿ ಸೋಂಕೂ ಬರುತ್ತದೆ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತು-ಮೂವತ್ತೈದಕ್ಕೇ ಮುಟ್ಟು ನಿಂತ ಹಾಗಾಗಿ ಮೂಳೆ ಬೇಗ ಸವೆಯುತ್ತದೆ. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳು ಇವೆ. ಆದರೆ ಯಾರಾದರೂ ಬಿಳುಪಿಗೆ, ಬರಿ ಸ್ಕ್ಯಾನಿಂಗ್ ನೋಡಿ, ಕೂಡಲೇ ಆಪರೇಷನ್ ಎಂದರೆ ಮೂರು ಪ್ರಶ್ನೆ ಕೇಳಿ. ರೋಗದ ಹೆಸರೇನು? ಮಾತ್ರೆಯಿಂದ ನೋಡಿದ್ದೀರಾ? ಗರ್ಭಕೋಶದ ಬಾಯಿಯ ಪರೀಕ್ಷೆಯ ವರದಿ ಎಲ್ಲಿ? ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಿ. ಮಂಗಳೂರಿನ ಕಡೆಯವರಿಗೆ ಲೇಡಿಗೋಷನ್ ಸರಕಾರಿ ಹೆಂಗಸರ ಆಸ್ಪತ್ರೆ ಇದೆ.

ಹೋಗುವ ಮೊದಲು

ಪರೀಕ್ಷೆಗೆ ಹೋಗುವ ಮುಂಚಿನ ಎರಡು ದಿನ ಒಳಗೆ ಮುಲಾಮು, ಗುಳಿಗೆ ಹಾಕಬೇಡಿ, ಒಳಗೆ ತೊಳೆಯಬೇಡಿ. ಚೆನ್ನಾಗಿ ತೊಳೆದು ಹೋದರೆ ಡಾಕ್ಟರಿಗೆ ನೋಡಬೇಕಾದದ್ದೇ ಸಿಗುವುದಿಲ್ಲ. ಆದರೆ ನೋವು ಇದ್ದರೆ ಎರಡು ದಿನ ಕಾಯದೆ ಹಾಗೇ ಹೋಗಿ. ಕೊನೆಯ ಮುಟ್ಟಿನ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಈಗಾಗಲೇ ತಿಂದ ಮಾತ್ರೆಯ ಹಾಳೆ, ಹಚ್ಚಿದ ಟ್ಯೂಬ್ ಜೊತೆಗೆ ಒಯ್ಯಿರಿ. ಪರೀಕ್ಷೆಯ ಹೊತ್ತಿಗೆ ಒಬ್ಬ ನರ್ಸ್ ಅಥವಾ ನಿಮ್ಮ ಜೊತೆಯವರು ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಡಾಕ್ಟರು ಗಂಡಸಾಗಿದ್ದರೆ ಅದನ್ನು ಕೇಳಲು ಸಂಕೋಚ ಬೇಡ.

ಡಾಕ್ಟರ ಮುಂದೆ ಕೂತು "ಮೈಗೆ ಹುಷಾರಿಲ್ಲ, ಸೊಂಟನೋವು" ಎಂದಷ್ಟೇ ಹೇಳಿದರೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮೊದಲ ಮಾತಿಗೇ ಹೇಳಿ: "ಬಿಳಿ ಹೋಗುತ್ತದೆ, ಇಷ್ಟು ದಿನದಿಂದ, ಇಂಥ ಬಣ್ಣ, ನಾತ ಇದೆ, ಕೆಳಹೊಟ್ಟೆ ನೋಯುತ್ತದೆ." ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ದಹಿಸರ್‌ನಲ್ಲಿರುವ ನಮ್ಮವರಿಗೆ ಪಾಲಿಕೆಯ ಆರೋಗ್ಯ ಕೇಂದ್ರಗಳಿವೆ, ಆಪ್ಲಾ ದವಾಖಾನಾಗಳಿವೆ. ಮುಂದೆ ಬೇಕಾದರೆ ಕಾಂದಿವಲಿಯ ಶತಾಬ್ದಿ ಆಸ್ಪತ್ರೆ ಇದೆ. ಮರಾಠಿಯಲ್ಲಿ ಬಿಳುಪಿಗೆ 'ಅಂಗಾವರ್ ಪಾಂಢರೆ ಜಾಣೆ' ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದ ಸೊಸೆಯಂದಿರಿಗೆ ಈ ಒಂದು ಮಾತು ಹೇಳಿಕೊಟ್ಟರೆ ಅವರು ಬೇರೆಯವರನ್ನು ಕಾಯದೆ ತಾವೇ ಹೋಗಬಲ್ಲರು.

ಕೊನೆಗೆ ಮೂರೇ ಸಾಲು. ಬರಿ ಬಿಳುಪು, ಬೇರೇನೂ ಇಲ್ಲ, ಕಾಯಬಹುದು. ತುರಿಕೆ, ನಾತ, ಬಣ್ಣ ಬದಲು, ಈ ವಾರದಲ್ಲಿ ಹೋಗಬೇಕು. ಕಿಬ್ಬೊಟ್ಟೆ ನೋವು ಸೇರಿತು ಎಂದರೆ ಒಂದೆರಡು ದಿನದಲ್ಲಿ, ಅದರೊಡನೆ ಜ್ವರ, ವಾಂತಿ, ತಲೆಸುತ್ತು ಇದ್ದರೆ ಅಥವಾ ಮುಟ್ಟು ತಪ್ಪಿದ್ದರೆ ಇವತ್ತೇ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರ ಮುಂದೆ ಬೇಡ ಎನ್ನುವವರು ಚಹಾದ ಹೊತ್ತಿಗೆ ಬನ್ನಿ, ಪಕ್ಕದ ಕೋಣೆಯಲ್ಲಿ ಕೂತು ಮಾತಾಡೋಣ.